ಇಡ್ಲಿ ಬೀಳುತ್ತಿದೆ, ತನಿಖೆ ನಡೆಯುತ್ತಿದೆ

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿಗೆ ಬೆಳಗ್ಗೆ ಎಂಟೂವರೆಗೆ ಹೋಗಿ ನೋಡಿ. ಹನ್ನೊಂದು ತಿಂಗಳ ಮಗು ಹೈ ಚೇರಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿರುತ್ತದೆ. ಮುಂದೆ ಟ್ರೇ ತುಂಬ ಇಡ್ಲಿ ಚೂರು. ಸುತ್ತ ನಾಲ್ಕು ಜನ ದೊಡ್ಡವರು. ಮಗು ಒಂದು ಚೂರು ಎತ್ತಿಕೊಳ್ಳುತ್ತದೆ. ಕೈಯನ್ನು ಟ್ರೇ ಆಚೆಗೆ ಚಾಚುತ್ತದೆ. ಬೆರಳು ಬಿಡಿಸುತ್ತದೆ. ಇಡ್ಲಿ ನೆಲಕ್ಕೆ ಬಿತ್ತು. ಅಲ್ಲಿಗೆ ಆ ಮನೆಯ ಕಾನೂನು ಸುವ್ಯವಸ್ಥೆಯೂ ಬಿತ್ತು.

ತಕ್ಷಣ ವಿಚಾರಣೆ ಶುರು. ದೃಷ್ಟಿಯಾಗಿದೆ, ನಿನ್ನೆ ಲಿಫ್ಟಿನಲ್ಲಿ ಮೂರನೇ ಮಹಡಿಯವರು ಮಗುವನ್ನೇ ದಿಟ್ಟಿಸಿ ನೋಡ್ತಿದ್ರು ಅಂತ ಅಜ್ಜಿ. ಈ ಹಠ ಸೊಸೆಯ ತವರಿನ ಕಡೆಯಿಂದ ಬಂದದ್ದು ಅಂತ ತಾತ. ಇದು ‘ಬಿಹೇವಿಯರ್ ಇಶ್ಯೂ’, ಈಗಲೇ ಬೌಂಡರಿ ಸೆಟ್ ಮಾಡಬೇಕು ಅಂತ ಆಫೀಸಿನ ಭಾಷೆಯಲ್ಲಿ ಅಪ್ಪ. ಅಮ್ಮ ಅಷ್ಟರಲ್ಲಿ ರೀಲ್ಸ್ ನೋಡಿ ಒಂದು ಬೌಲ್ ಆರ್ಡರ್ ಮಾಡಿ ಆಗಿರುತ್ತದೆ. ತಳದಲ್ಲಿ ರಬ್ಬರ್ ಇರುವ, ಟ್ರೇಗೆ ಗಟ್ಟಿಯಾಗಿ ಅಂಟಿಕೊಳ್ಳುವ ಬೌಲ್. ಆರೋಪಿ ಮಾತ್ರ ಎರಡನೇ ಚೂರು ಎತ್ತಿಕೊಂಡು ಎಲ್ಲರ ಮುಖ ನೋಡುತ್ತಾ ಕೂತಿರುತ್ತದೆ.

ಒಂದು ಸಣ್ಣ ವಿಷಯ ಯಾರ ತಲೆಗೂ ಹೊಳೆಯುವುದಿಲ್ಲ. ಮಗುವನ್ನು ನೆಲದಿಂದ ಅಷ್ಟು ಮೇಲೆ ಕೂರಿಸಿದವರು ಯಾರು? ನಮ್ಮ ಕಡೆ ಮಕ್ಕಳು ನೆಲದ ಮೇಲೆ, ಇಲ್ಲವೇ ಅಜ್ಜಿಯ ತೊಡೆಯ ಮೇಲೆ ಕೂತು ಉಣ್ಣುತ್ತಿದ್ದರು. ನೆಲದ ಮೇಲೆ ಕೂತವನು ಅನ್ನ ಬಿಟ್ಟರೆ ಅದು ಬೀಳುವುದು ನಾಲ್ಕು ಬೆರಳು ಕೆಳಗೆ. ಸದ್ದಿಲ್ಲ, ಸಿಡಿಯುವುದಿಲ್ಲ, ನೋಡೋಕೆ ಏನೂ ಇಲ್ಲ. ಹೈ ಚೇರಿನ ಟ್ರೇ ಹೆಚ್ಚುಕಡಿಮೆ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿಟ್ಟ ವಸ್ತು ನೆಲ ಮುಟ್ಟಲು ಅರ್ಧ ಸೆಕೆಂಡೂ ಬೇಡ. ಆದರೆ ಆ ಅಷ್ಟು ಹೊತ್ತಿನಲ್ಲಿ ಅದು ಕಣ್ಣೆದುರೇ ಸಾಗುತ್ತದೆ, ಆಮೇಲೆ ‘ಪಚಕ್’ ಅನ್ನುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಅಟ್ಟಣಿಗೆ ಕಟ್ಟಿಸಿ, ಮೇಲೆ ಮಗುವನ್ನು ಹತ್ತಿಸಿ, ಕೈಗೆ ಸಾಮಗ್ರಿಯನ್ನೂ ಕೊಟ್ಟು, ಕೆಳಗೆ ಏನೂ ಹಾಕಬೇಡ ಅಂದರೆ ಹೇಗೆ ಸ್ವಾಮಿ?

ಇದನ್ನು ಕೂತು ನೋಡಿ ಬರೆದಿಟ್ಟ ಅಪ್ಪ ಒಬ್ಬರಿದ್ದರು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ಮಕ್ಕಳು ಹೇಗೆ ಯೋಚಿಸುತ್ತಾರೆ ಅನ್ನುವುದನ್ನೇ ಜೀವಮಾನದ ಕೆಲಸ ಮಾಡಿಕೊಂಡವರು. 1930ರ ದಶಕದಲ್ಲಿ ಅವರ ಮಗ ಲೊರಾಂ ಹತ್ತು ತಿಂಗಳಿನವನಿದ್ದಾಗ ಕೈಗೆ ಬ್ರೆಡ್ ತುಂಡೊಂದು ಸಿಕ್ಕಿತು. ತಿನ್ನುವ ಯೋಚನೆಯೇ ಅವನಿಗಿಲ್ಲ. ಅದುವರೆಗೆ ಅವನು ಬ್ರೆಡ್ ತಿಂದೇ ಇರಲಿಲ್ಲ. ಅದನ್ನು ಬಿಟ್ಟ, ಮತ್ತೆ ಬಿಟ್ಟ. ಆಮೇಲೆ ಚೂರು ಮುರಿದು ಒಂದೊಂದಾಗಿ ಬಿಟ್ಟ. ಅಪ್ಪ ಒಂದು ಸಂಗತಿ ಗಮನಿಸಿದರು. ಹಿಂದಿನ ದಿನಗಳಲ್ಲಿ ಮಗುವಿನ ಗಮನವೆಲ್ಲ ಕೈ ಬಿಡುವ ಕ್ರಿಯೆಯ ಮೇಲಿತ್ತು. ಈಗ ಅದು ಬೀಳುತ್ತಿರುವ ವಸ್ತುವಿನ ಮೇಲೆ ಹೋಗಿತ್ತು. ಮರುದಿನ ಮಲಗಿದ್ದಲ್ಲೇ ಆಟದ ಹಂಸ, ಡಬ್ಬಿ ಹೀಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಬಿಡತೊಡಗಿದ. ಒಮ್ಮೆ ಕೈ ನೇರ ಮೇಲೆ, ಒಮ್ಮೆ ಓರೆಯಾಗಿ, ಒಮ್ಮೆ ಮುಖದ ಮುಂದೆ. ವಸ್ತು ಹೊಸ ಜಾಗದಲ್ಲಿ, ಉದಾಹರಣೆಗೆ ದಿಂಬಿನ ಮೇಲೆ ಬಿದ್ದರೆ, ಅದೇ ಜಾಗಕ್ಕೆ ಇನ್ನೂ ಎರಡು ಮೂರು ಸಲ ಬೀಳಿಸಿ ನೋಡುತ್ತಿದ್ದ. ಆ ಅಪ್ಪ ದೃಷ್ಟಿ ತೆಗೆಸಲಿಲ್ಲ, ಬೌಂಡರಿ ಸೆಟ್ ಮಾಡಲಿಲ್ಲ. ನೋಟ್‌ಬುಕ್ ತೆಗೆದು ಬರೆದುಕೊಂಡರು. (ನೆಲ ಒರೆಸಿದ್ದು ಯಾರು ಅನ್ನುವುದನ್ನು ಮಾತ್ರ ಬರೆದ ಹಾಗಿಲ್ಲ.)

ನಮಗೆ ಪೂರಾ ಒಂದೇ ಆಗಿ ಕಾಣುವುದು ಮಗುವಿಗೆ ಪ್ರತಿ ಸಲವೂ ಬೇರೆ. ಬಾಳೆಹಣ್ಣು ಬಿದ್ದಲ್ಲೇ ಕೂರುತ್ತದೆ. ಬೇಯಿಸಿದ ಕ್ಯಾರೆಟ್ ಉರುಳುತ್ತದೆ. ಸ್ಟೀಲ್ ಚಮಚ ಇಡೀ ಮನೆಗೆ ಕೇಳಿಸುತ್ತದೆ. ಅನ್ನದ ಅಗುಳು ಗೋಡೆವರೆಗೂ ಹೋಗುತ್ತದೆ. ಬೇಕೆಂದಾಗ ಕೈ ಬಿಡುವುದೂ ಈ ವಯಸ್ಸಿನ ಹೊಸ ವಿದ್ಯೆ. ಹುಟ್ಟಿದ ಮಗು ಬೆರಳು ಕೊಟ್ಟರೆ ಬಿಗಿಯಾಗಿ ಹಿಡಿಯುತ್ತದೆ. ಆದರೆ ಬೇಕಾದಾಗ ಬೆರಳು ಬಿಡಿಸುವುದು ಒಂಬತ್ತು ಹತ್ತು ತಿಂಗಳ ಸುಮಾರಿಗೆ ಬರುತ್ತದೆ. ಬಂದ ವಿದ್ಯೆಯನ್ನು ಎಲ್ಲಿ ಅಭ್ಯಾಸ ಮಾಡಬೇಕು ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ. ಸಾಲದ್ದಕ್ಕೆ, ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದೆ ಅನ್ನುವುದು ಅದಕ್ಕೆ ಈಚೆಗಷ್ಟೇ ಗೊತ್ತಾಗಿದೆ. ಹಾಗಾಗಿ ಟ್ರೇ ಅಂಚಿನಿಂದ ಬಗ್ಗಿ ಕೆಳಗೆ ಹುಡುಕುತ್ತದೆ. ಇದೆ! ಅಲ್ಲೇ ಇದೆ! ಇನ್ನೊಂದು ಹಾಕೋಣ.

ಆದರೆ ಬೀಳಿಸುವುದೆಲ್ಲ ಪ್ರಯೋಗವೇ ಅಂದುಕೊಂಡರೂ ಮೋಸ. ಮಗುವಿನ ಕಣ್ಣು ಎಲ್ಲಿದೆ ನೋಡಬೇಕು. ವಿಚಾರಣಾ ಸಮಿತಿಯ ನಾಲ್ವರೂ ನೆಲ ನೋಡುವುದರಲ್ಲಿ ಮುಳುಗಿರುವುದರಿಂದ ಆ ಕಣ್ಣು ಯಾರಿಗೂ ಕಾಣುವುದಿಲ್ಲ. ಬೀಳುವ ಚೂರಿನ ಹಿಂದೆಯೇ ಕಣ್ಣು ಕೆಳಗೆ ಹೋದರೆ ಅದು ಪ್ರಯೋಗ. ಚೂರು ಬಿಟ್ಟ ಕೂಡಲೇ ನಿಮ್ಮ ಮುಖದ ಕಡೆ ತಿರುಗಿದರೆ ಆಟ ನಿಮ್ಮ ಜೊತೆ. ಎಲ್ಲೂ ನೋಡದೆ, ಕೈ ಅಡ್ಡ ಮಾಡಿ ಟ್ರೇ ಮೇಲಿದ್ದದ್ದನ್ನೆಲ್ಲ ಒಟ್ಟಿಗೆ ತಳ್ಳಿದರೆ, ಮುಖ ಆಚೆ ಮಾಡಿದರೆ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿದರೆ, ಊಟ ಮುಗಿಯಿತು ಅಂತ ಅರ್ಥ. ‘ಸಾಕು’ ಅನ್ನುವ ಮಾತು ಇನ್ನೂ ಬಾರದ ಮಗು ಅದನ್ನು ಕೈಯಲ್ಲೇ ಹೇಳುತ್ತಿದೆ. ಒಂದೇ ಊಟದಲ್ಲಿ ಮೂರೂ ಬರಬಹುದು.

ಈಗ ನಮ್ಮ ಆ ಮನೆಗೆ ಮತ್ತೆ ಹೋಗೋಣ. ಮೊದಲ ಎರಡು ಚೂರಿಗೆ ಮಗು ನೆಲವನ್ನೇ ನೋಡಿತ್ತು. ಅದು ತಾನಾಗಿ ಮುಗಿಯಬಹುದಿತ್ತು. ಆದರೆ ಅಜ್ಜಿ "ಅಯ್ಯೋ ರಾಮ" ಅಂದರು, ತಾತ "ಏಯ್ ಕಳ್ಳಾ" ಅಂದರು, ಅಪ್ಪ ಬಗ್ಗಿ ಎತ್ತಿ ಒರೆಸಿ ಟ್ರೇ ಮೇಲೆ ಇಟ್ಟರು, ಅಮ್ಮ ನಗು ತಡೆಯಲಾರದೆ ವಿಡಿಯೋ ಮಾಡಿದರು. ಮೂರನೇ ಚೂರಿಗೆ ಮಗು ನೆಲ ನೋಡಲೇ ಇಲ್ಲ. ನಾಲ್ಕು ಮುಖಗಳನ್ನು ಒಂದೊಂದಾಗಿ ನೋಡಿತು. ಒಂದು ಇಡ್ಲಿ ಚೂರಿಗೆ ಇಷ್ಟು ದೊಡ್ಡ ಮನುಷ್ಯರು ಕುಣಿಯುತ್ತಾರೆ ಅಂದರೆ ಯಾರು ತಾನೆ ಬಿಡುತ್ತಾರೆ? ಎಂಟನೇ ಚೂರಿನ ಹೊತ್ತಿಗೆ ಅಪ್ಪ ಆರೋಪಿಯ ಖಾಸಗಿ ಸಹಾಯಕರಾಗಿದ್ದರು. ಸಾಹೇಬರು ಬಿಡುವುದು, ಇವರು ಎತ್ತಿಕೊಡುವುದು. ‘ನೋಡಿ, ಎಷ್ಟು ಹೇಳಿದರೂ ಕೇಳಲ್ಲ’ ಅನ್ನುವ ತೀರ್ಪನ್ನೂ ಅವರೇ ಕೊಟ್ಟರು, ನೆಲದ ಮಟ್ಟದಿಂದ.

ಎರಡು ದಿನಕ್ಕೆ ಅಂಟುವ ಬೌಲ್ ಬಂತು. ಬೌಲೇನೋ ಬೀಳುವುದಿಲ್ಲ, ಒಳಗಿನ ಇಡ್ಲಿಗೆ ಆ ನಿಯಮ ಗೊತ್ತಿಲ್ಲ. ಮೇಲಾಗಿ ರಬ್ಬರಿನ ಅಂಚನ್ನು ಉಗುರಿನಲ್ಲಿ ಎತ್ತಿದರೆ ‘ಟಪ್’ ಅಂತ ಬಿಡುತ್ತದೆ ಅನ್ನುವ ಹೊಸ ಸಂಶೋಧನೆ ಶುರುವಾಯಿತು. ಅದರ ಹಿಂದೆ ಜೇಬಿರುವ ಬಿಬ್ ಬಂತು. ಅದು ಮಗುವಿನ ಉಗ್ರಾಣವಾಯಿತು. ಕುರ್ಚಿಯ ಕೆಳಗೆ ಹಾಸುವ ಶೀಟ್ ಬಂತು. ಇದೊಂದು ಉಪಯೋಗದ ವಸ್ತು, ಒಪ್ಪೋಣ. ಆದರೆ ಹಳೆ ಪ್ಲಾಸ್ಟಿಕ್ ಶೀಟ್ ಸಾಕಿತ್ತು. ಕೊನೆಗೆ ಬಂದದ್ದು ಮೊಬೈಲ್. ಎದುರಿಗೆ ಕಾರ್ಟೂನ್ ಹಾಕಿದರೆ ಮಗು ಬಾಯಿ ತೆರೆಯುತ್ತದೆ, ಚಮಚ ಒಳಗೆ ಹೋಗುತ್ತದೆ, ಒಂದು ಚೂರೂ ಬೀಳುವುದಿಲ್ಲ. ಮನೆಯವರೆಲ್ಲ ಗೆದ್ದೆವು ಅಂದುಕೊಂಡರು. ಸೋತದ್ದು ಹಸಿವು. ಹೊಟ್ಟೆ ತುಂಬಿದ್ದು ಗೊತ್ತಾಗದಿರಲಿ ಅಂತಲೇ ಅಲ್ವಾ ಪರದೆ ಹಾಕಿದ್ದು?

ಹೊಟ್ಟೆಯ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಒಂಬತ್ತರಿಂದ ಹನ್ನೊಂದು ತಿಂಗಳ ಮಗುವಿಗೆ ಒಂದು ಹೊತ್ತಿನ ಊಟ 250 ಮಿಲಿ ಬಟ್ಟಲಿನಲ್ಲಿ ಅರ್ಧ ಸಾಕು. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ನಮ್ಮ ಟ್ರೇ ಮೇಲೆ ಎರಡು ಇಡ್ಲಿ, ಅರ್ಧ ಬಾಳೆಹಣ್ಣು, ಪಕ್ಕದಲ್ಲಿ ರಾಗಿ ಸರಿ, ‘ಅದು ಬೇಡ ಅಂದ್ರೆ ಇದಾದ್ರೂ ತಿನ್ಲಿ’ ಅಂತ ತುಪ್ಪದ ಅನ್ನ. ಮೊದಲ ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಪೂರ್ತಿ ಏರುವುದು ಎರಡು, ಎರಡೂವರೆ ಕಿಲೋ ಅಷ್ಟೇ. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ, ಅದೂ ಇವತ್ತು ಒಂದು ಥರ, ನಾಳೆ ಒಂದು ಥರ. ಸರಿಯಾಗಿ ಇದೇ ಹೊತ್ತಿಗೆ ಊಟ ಎಸೆಯುವುದೂ ಜೋರಾಗುತ್ತದೆ, ‘ಪಕ್ಕದ ಮನೆ ಮಗು ನೋಡು ಎಷ್ಟು ಗುಂಡಗಿದೆ’ ಅನ್ನುವುದೂ ಜೋರಾಗುತ್ತದೆ.

ಮಾಡಬಹುದಾದದ್ದು ಇಲ್ಲವೆಂದಲ್ಲ. ಅದಕ್ಕೆ ಖರ್ಚಿಲ್ಲ, ಹಾಗಾಗಿ ಯಾರೂ ಜಾಹೀರಾತು ಕೊಡುವುದಿಲ್ಲ. ಟ್ರೇ ಮೇಲೆ ಒಮ್ಮೆಗೆ ಎರಡೋ ಮೂರೋ ಚೂರು ಇಡುವುದು, ತಿಂದ ಮೇಲೆ ಮತ್ತೆ ಎರಡು. ಎಸೆಯಲು ದಾಸ್ತಾನೇ ಇಲ್ಲದಿದ್ದರೆ ಎಸೆತ ಕಮ್ಮಿಯಾಗುತ್ತದೆ. ಬಿದ್ದದ್ದನ್ನು ಊಟ ಮುಗಿಯುವವರೆಗೆ ಎತ್ತದಿರುವುದು. ಬೇಡವಾದದ್ದನ್ನು ಹಾಕಲು ಪಕ್ಕದಲ್ಲಿ ಒಂದು ಬಟ್ಟಲು ಇಟ್ಟು, ‘ಬೇಡ್ವಾ? ಇಲ್ಲಿ ಹಾಕು’ ಅಂತ ತೋರಿಸುವುದು. ಬಟ್ಟಲೊಳಗೆ ಬಿಡುವ ಕೌಶಲ ವರ್ಷದ ಆಸುಪಾಸಿಗೆ ಬರುವುದರಿಂದ ಮೊದಲು ಗುರಿ ತಪ್ಪುತ್ತದೆ, ಪರವಾಗಿಲ್ಲ. ಕಾಲು ಜೋತಾಡದೆ ಪಾದಕ್ಕೆ ಆಸರೆ ಇದೆಯಾ ನೋಡುವುದು. ಆಸರೆ ಇಲ್ಲದಿದ್ದರೆ ಮಗು ಬೇಗ ಬೇಸತ್ತು ಒದ್ದಾಡುತ್ತದೆ. ಟ್ರೇ ಪೂರಾ ತಳ್ಳಿದಾಗ ‘ಊಟ ಮುಗೀತಾ, ಸರಿ’ ಅಂದು ಬೆಲ್ಟು ಬಿಚ್ಚಿ ಇಳಿಸುವುದು. ಬೀಳಿಸುವ ಆಸೆಗೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ಬುಟ್ಟಿ, ಚೆಂಡು, ಮರದ ಚಮಚ ಕೊಡುವುದು. ಮೊದಲ ಕೆಲವು ದಿನ ಮಗು ಮೊದಲಿಗಿಂತ ಜಾಸ್ತಿ ಎಸೆಯಬಹುದು. ಕುಣಿಯುವವರು ಯಾಕೆ ಕುಣಿಯುತ್ತಿಲ್ಲ ಅಂತ ಪರೀಕ್ಷೆ ಮಾಡಬೇಡವೇ?

ತನಿಖೆ ನಿಜಕ್ಕೂ ಬೇಕಾದ ಸಂದರ್ಭ ಬೇರೆ. ಮಗುವಿನ ತೂಕ ಏರುತ್ತಲೇ ಇಲ್ಲ. ಮೆತ್ತಗಿನದು ಬಿಟ್ಟು ಚೂರು ಬಾಯಿಗಿಟ್ಟರೆ ಪ್ರತಿ ಸಲ ಓಕರಿಸುತ್ತದೆ ಅಥವಾ ಕೆಮ್ಮುತ್ತದೆ. ತಿನ್ನುತ್ತಿದ್ದ ಪದಾರ್ಥಗಳು ಒಂದೊಂದಾಗಿ ಪಟ್ಟಿಯಿಂದ ಹೋಗುತ್ತಿವೆ. ಆಗ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ವಿಚಿತ್ರ ನೋಡಿ, ಆಗ ಮಾತ್ರ ಅಜ್ಜಿ, ತಾತ, ಅಪ್ಪ, ಅಮ್ಮ ನಾಲ್ವರೂ ಒಂದೇ ದನಿಯಲ್ಲಿ ‘ಬೆಳೆದ ಮೇಲೆ ಸರಿಹೋಗುತ್ತೆ ಬಿಡಿ’ ಅನ್ನುತ್ತಾರೆ. ಸಮಿತಿಗೆ ಒಮ್ಮತ ಬರುವುದು ಆ ಒಂದು ವಿಷಯದಲ್ಲಿ.