ಸಿಂಪ್ ಅಂತ ಕೂಗುವವರ ಅಳತೆಗೋಲು ಯಾರದ್ದು?

ನಿನ್ನೆ ಸಂಜೆ ಅಕ್ಕನ ಮಗನ ಗೆಳೆಯರ ದಂಡು ನಮ್ಮ ಟೆರೇಸಿನಲ್ಲಿ ಕೂತಿತ್ತು. ನಾನು ಒಣಗಿದ ಬಟ್ಟೆ ತೆಗೆಯಲು ಹೋಗಿದ್ದೆ, ಕದ್ದು ಕೇಳಲು ಅಲ್ಲ. (ಆಮೇಲೆ ಒಂದೊಂದೇ ಬಟ್ಟೆಯನ್ನು ಬೇಕಂತಲೇ ನಿಧಾನವಾಗಿ ಮಡಿಸಿದೆ, ಅದು ಬೇರೆ ಮಾತು.) ಅವರಲ್ಲೊಬ್ಬ ಹುಡುಗ, ಜ್ವರ ಬಂದು ಕಾಲೇಜಿಗೆ ಬರದ ಕ್ಲಾಸ್‌ಮೇಟ್ ಹುಡುಗಿಗೆ ನೋಟ್ಸ್ ಜೆರಾಕ್ಸ್ ಮಾಡಿಸಿ ಮನೆಗೆ ಕೊಟ್ಟು ಬಂದಿದ್ದಾನೆ. ಅಷ್ಟೇ ಅವನ ಅಪರಾಧ. ಉಳಿದವರೆಲ್ಲ ಸೇರಿಕೊಂಡು, ಹುಡುಗಿ ಮುಂದೆ ಮೆತ್ತಗಾಗುವ ಪೆದ್ದ ಅನ್ನೋ ಅರ್ಥದಲ್ಲಿ, "ಸಿಂಪ್, ಸಿಂಪ್" ಅಂತ ಅವನ ಪ್ರಾಣ ತಿಂದರು. ಪಾಪ, ಹುಡುಗ ಮುಖ ಕೆಂಪಗೆ ಮಾಡಿಕೊಂಡು "ಇಲ್ಲ ಮಗಾ, ಅವರಮ್ಮ ಕೇಳಿದ್ರು ಅಂತ" ಅಂದ. ಎಲ್ಲರಿಗಿಂತ ಜೋರಾಗಿ ಕೂಗಿದವನು ಯಾರು ಗೊತ್ತಾ? ಒಬ್ಬ ಅಮೆರಿಕನ್ ರ‍್ಯಾಪರ್‌ನ ಹಾಡನ್ನು ರಾತ್ರಿಯಿಡೀ ಸ್ಟ್ರೀಮ್ ಮಾಡುವವನು. ಮೂವತ್ತು ಸೆಕೆಂಡ್ ದಾಟದಿದ್ದರೆ ಸ್ಪಾಟಿಫೈ ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ ಅಂತ ನನಗೇ ಪಾಠ ಮಾಡಿದವನು. ಅವನ ಬಯೋದಲ್ಲಿ ಹೆಮ್ಮೆಯಿಂದ "ಸ್ಟ್ಯಾನ್" ಅಂತ ಇದೆ, ಅಂದರೆ ಕಟ್ಟಾ ಅಭಿಮಾನಿ.

ನೋಟ್ಸ್ ಕೊಟ್ಟವನು ನಾಚಿಕೆ ಪಡಬೇಕು, ತನ್ನ ಮುಖವನ್ನೇ ನೋಡದ ಕೋಟ್ಯಧಿಪತಿಗಾಗಿ ನಿದ್ದೆಗೆಟ್ಟವನು ಎದೆ ಉಬ್ಬಿಸಬೇಕು. ಈ ತಲೆಕೆಳಗಿನ ಲೆಕ್ಕ ನೋಡಿ ನನಗೆ ನಿನ್ನೆಯಿಂದ ತಲೆ ಕೆಟ್ಟಿದೆ.

ನಾನು ಹಾಸ್ಟೆಲ್ ಕಾಲದಿಂದ ಅಮೆರಿಕದ ರ‍್ಯಾಪರ್ ಎಮಿನೆಮ್ ಹಾಡು ಕೇಳುವವಳು ಅನ್ನೋದು ಇಲ್ಲಿರುವ ಹಳೇ ಸ್ನೇಹಿತರಿಗೆಲ್ಲ ಗೊತ್ತು. ಅವನ "ಸ್ಟ್ಯಾನ್" ಹಾಡು ಬಂದಿದ್ದು 2000ದಲ್ಲಿ. ಸ್ಟ್ಯಾನ್ ಅನ್ನೋದು ಅಲ್ಲಿ ಒಬ್ಬ ಅಭಿಮಾನಿಯ ಹೆಸರು. ತನ್ನ ನೆಚ್ಚಿನ ಗಾಯಕನಿಗೆ ಪತ್ರ ಬರೀತಾನೆ. ಮೊದಲ ಪತ್ರದಲ್ಲಿ ಮರ್ಯಾದೆಯಿದೆ, ನನ್ನ ಹುಡುಗಿ ಬಸುರಿ, ಹೆಣ್ಣು ಮಗುವಾದರೆ ಬಾನಿ ಅಂತ ಹೆಸರಿಡ್ತೀನಿ ಅಂತಾನೆ. ಎರಡನೆಯದರಲ್ಲಿ ಸಿಟ್ಟು ಇಣುಕುತ್ತೆ: ಆಟೋಗ್ರಾಫ್‌ಗೋಸ್ಕರ ನನ್ನ ಪುಟ್ಟ ತಮ್ಮ ಚಳಿಯಲ್ಲಿ ಗಂಟೆಗಟ್ಟಲೆ ಕಾದ, ನೀನು ಕೊಡಲಿಲ್ಲ ಅಂತ. ಮೂರನೆಯದು ಪತ್ರವೇ ಅಲ್ಲ, ಕುಡಿದು ಕಾರು ಓಡಿಸುತ್ತಾ ಕ್ಯಾಸೆಟ್‌ನಲ್ಲಿ ಮಾಡಿದ ರೆಕಾರ್ಡಿಂಗ್. ಆ ಬಸುರಿ ಹುಡುಗಿಯನ್ನು ಕಟ್ಟಿ ಡಿಕ್ಕಿಗೆ ಹಾಕಿದ್ದಾನೆ, ಅವಳ ಕಿರುಚಾಟ ಹಾಡಿನಲ್ಲೇ ಕೇಳಿಸುತ್ತೆ. ಸೇತುವೆಯಿಂದ ಕಾರು ನೀರಿಗೆ. ಗಾಯಕ ತಡವಾಗಿ ಉತ್ತರ ಬರೆಯಲು ಕೂರುತ್ತಾನೆ, ನಿನ್ನ ಹುಡುಗಿಯನ್ನು ಚೆನ್ನಾಗಿ ನೋಡ್ಕೋ, ಕೌನ್ಸೆಲಿಂಗ್ ತಗೋ ಅಂತ ಬುದ್ಧಿ ಹೇಳುತ್ತಾನೆ, ಬರೆಯುತ್ತಾ ಬರೆಯುತ್ತಾ ಸುದ್ದಿಯಲ್ಲಿ ನೋಡಿದ್ದ ಆ ಕಾರು ಇವನದ್ದೇ ಅಂತ ಹೊಳೆಯುತ್ತೆ. ಹಾಡು ಅಲ್ಲಿಗೆ ಮುಗಿಯುತ್ತೆ.

ಅಂದರೆ ಅದು ಎಚ್ಚರಿಕೆಯ ಹಾಡು. ಅಭಿಮಾನ ಹುಚ್ಚಾದರೆ ಏನಾಗುತ್ತೆ ಅಂತ, ಸ್ವತಃ ಅಭಿಮಾನಿಗಳಿಂದ ಬದುಕುವ ಮನುಷ್ಯನೇ ಬರೆದದ್ದು. ಮರುವರ್ಷವೇ, 2001ರಲ್ಲಿ, ನಾಸ್ ಅನ್ನೋ ರ‍್ಯಾಪರ್ ತನ್ನ "ಈಥರ್" ಹಾಡಿನಲ್ಲಿ ಇನ್ನೊಬ್ಬ ರ‍್ಯಾಪರ್ ಜೇ-ಝೀಯನ್ನು ಸ್ಟ್ಯಾನ್ ಅಂತ ಬೈದ. ಆಗಲೇ ಅದು ಒಬ್ಬನ ಹೆಸರಾಗಿ ಉಳಿಯದೆ ಬೈಗುಳವಾಗಿತ್ತು. ಆಮೇಲೆ ಟ್ವಿಟರ್ ಬಂತು, ಫ್ಯಾನ್‌ಗಳ ಪಡೆಗಳು ಬಂದವು, ಕ್ರಿಯಾಪದವಾಯಿತು, "ವೀ ಸ್ಟ್ಯಾನ್" ಅಂದರೆ ಸುಮ್ನೆ ನಮಗೆ ತುಂಬಾ ಇಷ್ಟ ಅಂತಷ್ಟೇ ಆಯಿತು. ಸ್ಟಾಕರ್ ಮತ್ತು ಫ್ಯಾನ್ ಸೇರಿಸಿ ಮಾಡಿದ್ದು ಅಂತ ಕೆಲವರು ಹೇಳುತ್ತಾರೆ, ಅದು ಆಮೇಲೆ ಹೊಂದಿಸಿದ ಕಥೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೂ ಸೇರಿತು. ಈಗ ಅಡುಗೆ ಚಾನೆಲ್ಲಿನ ಅಜ್ಜಿಗೂ ಸ್ಟ್ಯಾನ್‌ಗಳಿದ್ದಾರೆ. ಡಿಕ್ಕಿಯಲ್ಲಿದ್ದ ಹುಡುಗಿಯನ್ನು ಮಾತ್ರ ಎಲ್ಲರೂ ದಾರಿಯಲ್ಲೇ ಇಳಿಸಿಬಿಟ್ಟರು.

ಸಿಂಪ್ ಹೋದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಇದು ಇನ್ನೂ ಹಳೆಯದು. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಅಮೆರಿಕದಲ್ಲಿ ಪೆದ್ದನಿಗೆ ಸಿಂಪ್ ಅನ್ನುತ್ತಿದ್ದರು, ಸಿಂಪಲ್ಟನ್‌ನ ತುಂಡು. ಯಾರಿಗೂ ಅಂಥಾ ಅವಮಾನವಿಲ್ಲ. ಆಮೇಲೆ ಎಂಬತ್ತು ತೊಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟೂ ಶಾರ್ಟ್, ಇ-ಫಾರ್ಟಿ ಥರದ ರ‍್ಯಾಪರ್‌ಗಳ ಬಾಯಲ್ಲಿ ಅದಕ್ಕೆ ಬೇರೆ ಜೀವ ಬಂತು. ಅಲ್ಲಿ ಗಂಡಸರಲ್ಲಿ ಎರಡೇ ಜಾತಿ, ಪಿಂಪ್ ಮತ್ತು ಸಿಂಪ್. ಪಿಂಪ್ ಅಂದರೆ ಯಾರು? ತಲೆಹಿಡುಕ. ಹೆಣ್ಣಿನಿಂದ ದುಡ್ಡು ಕಿತ್ತುಕೊಳ್ಳುವವನು. ಸಿಂಪ್ ಅಂದರೆ ಹೆಣ್ಣಿಗೆ ಕೊಡುವವನು, ಅವಳ ಮಾತು ಕೇಳುವವನು, ಅವಳ ಮುಂದೆ ಮೆತ್ತಗಾಗುವವನು. ಈಗ ಹೇಳಿ, ಇಲ್ಲಿ ಅಳತೆಗೋಲು ಯಾರ ಕೈಯಲ್ಲಿದೆ? ತಲೆಹಿಡುಕನ ಕೈಯಲ್ಲಿ! ಅವನ ಕಣ್ಣಿಗೆ ಪೆದ್ದನಾಗಿ ಕಾಣೋನು ಸಿಂಪ್. ನಮ್ಮ ಟೆರೇಸಿನ ಹುಡುಗರು ಗೊತ್ತಿಲ್ಲದೆ ಹಿಡಿದಿದ್ದು ಅದೇ ಕೋಲನ್ನ.

2019ರ ಕೊನೆ, 2020ರಲ್ಲಿ ಅದು ಟಿಕ್‌ಟಾಕ್‌ಗೆ ಬಂದಾಗ ಇನ್ನೂ ಕೆಟ್ಟಿತು. (ಅಲ್ಲಿ ಅದಕ್ಕೊಂದು ಫುಲ್‌ಫಾರ್ಮ್ ಕೂಡ ಹುಟ್ಟಿಸಿದರು, ನಮ್ಮತ್ತೆ ಈ ಪೋಸ್ಟ್ ಓದೋದ್ರಿಂದ ಬರೆಯಲ್ಲ.) ಗೇಮ್ ಆಡೋದನ್ನ ಲೈವ್ ತೋರಿಸುವ ಟ್ವಿಚ್‌ನಲ್ಲಿ ಆಡುವ ಹುಡುಗಿಗೆ ತಿಂಗಳಿಗೆ ಐದು ಡಾಲರ್ ಸಬ್‌ಸ್ಕ್ರಿಪ್ಷನ್ ಕೊಟ್ಟರೆ ಸಿಂಪ್. ಅದೇ ಐದು ಡಾಲರ್ ಗಡ್ಡ ಬಿಟ್ಟ ಗಂಡಸಿಗೆ ಕೊಟ್ಟರೆ ಸಪೋರ್ಟ್! ಆಟ ಅದೇ, ದುಡ್ಡು ಅದೇ. ತೆಗೆದುಕೊಳ್ಳುವ ಕೈ ಯಾವುದು ಅನ್ನೋದಷ್ಟೇ ಬದಲು. ಕೊನೆಗೆ 2020ರ ಡಿಸೆಂಬರ್‌ನಲ್ಲಿ ಟ್ವಿಚ್‌ನವರು ಸಿಂಪ್, ಇನ್ಸೆಲ್, ವರ್ಜಿನ್ ಇವನ್ನು ಬೈಗುಳವಾಗಿ ಬಳಸಿದರೆ ಕ್ರಮ ತಗೊಳ್ತೀವಿ ಅಂತ ಹೇಳಬೇಕಾಯಿತು. ಆಗ ಎದ್ದ ಗಲಾಟೆ ನೋಡಬೇಕಿತ್ತು, ವಾಕ್ ಸ್ವಾತಂತ್ರ್ಯವೇ ಸತ್ತುಹೋಯಿತು ಅನ್ನೋ ಹಾಗೆ.

"ಅಕ್ಕಾ, ಮಾತಿನ ಅರ್ಥ ಬದಲಾಗುತ್ತೆ, ಹುಡುಗರು ತಮಾಷೆಗೆ ಅಂತಾರೆ, ನೀವು ಯಾಕಿಷ್ಟು ಸೀರಿಯಸ್ಸು" ಅಂತ ಈಗ ಯಾರೋ ಕಾಮೆಂಟ್ ಟೈಪ್ ಮಾಡ್ತಿದ್ದೀರಿ, ನನಗೆ ಗೊತ್ತು. ಬದಲಾಗುತ್ತೆ, ಒಪ್ಪಿದೆ. ಆದರೆ ಅಲ್ಲಿ ಬದಲಾಗಿದ್ದು ಏನು ಅಂತ ನೋಡಿ. ಸ್ಟ್ಯಾನ್‌ನಲ್ಲಿದ್ದ ಭಯ ಹೋಯಿತು, ಸಿಂಪ್‌ನಲ್ಲಿದ್ದ ತಾತ್ಸಾರ ಹೋಗಲಿಲ್ಲ, ಮೊದಲು ದುಡ್ಡು ಸುರಿಯುವವನಿಗೆ ಅಂಟುತ್ತಿದ್ದದ್ದು ಈಗ ಜೆರಾಕ್ಸ್ ಮಾಡಿಸುವವನಿಗೂ ಅಂಟುತ್ತೆ. ತಮಾಷೆಯಾಗಿದ್ದರೆ ಆ ಹುಡುಗ "ಅವರಮ್ಮ ಕೇಳಿದ್ರು" ಅಂತ ಯಾಕೆ ಸಬೂಬು ಹೇಳಬೇಕಿತ್ತು? ಅವರಮ್ಮ ಕೇಳದಿದ್ದರೂ ಕೊಡಬಾರದಾ?

ನಮ್ಮನೆಯವರ ವಿಷಯಕ್ಕೂ ಬರೋಣ. ಮದುವೆಗೆ ಮುಂಚೆ ನನ್ನ ಎಂಎ ಡೆಸರ್ಟೇಶನ್ ಇಡೀ ಟೈಪ್ ಮಾಡಿಕೊಟ್ಟವರು ಇವರೇ. ಇವತ್ತೂ ನನಗೆ ಮೀಟಿಂಗ್ ಇದ್ದರೆ ಬೆಳಿಗ್ಗೆ ತಿಂಡಿ ಇವರದ್ದೇ, ಉಪ್ಪಿಟ್ಟು ಸ್ವಲ್ಪ ಗಂಟಾಗಿರುತ್ತೆ, ಇರಲಿ. ಇವರ ಸ್ನೇಹಿತರು "ಹೆಂಡ್ತಿ ಗುಲಾಮ" ಅಂತ ಕಾಡ್ತಿದ್ದರು. ಆದ್ದರಿಂದ ಇದೇನೂ ಅಮೆರಿಕದಿಂದ ಬಂದ ಹೊಸ ರೋಗ ಅಂತ ನಾನು ಹೇಳ್ತಿಲ್ಲ, ನಮ್ಮಲ್ಲೂ ಜಾಗ ಖಾಲಿ ಇತ್ತು.

ಒಂದೇ ಒಂದು ಕಡೆ ಸಿಂಪ್ ನನಗೆ ಖುಷಿ ಕೊಡುತ್ತೆ. ಹುಡುಗಿಯರು ಅನಿಮೆ ಪಾತ್ರಗಳ ಬಗ್ಗೆ "ನಾನು ಗೋಜೋಗೆ ಸಿಂಪ್" ಅಂತ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರಲ್ಲ, ಅಲ್ಲಿ. ಹೇಳುವವಳೂ ಅವಳೇ, ನಗುವವಳೂ ಅವಳೇ, ಗೋಜೋ ಕಾಗದದ ಮೇಲಿನ ಗೊಂಬೆ. ಬೇರೆಯವನ ಬೆನ್ನಿಗೆ ಅಂಟಿಸಿದಾಗ ಮಾತ್ರ ನನಗೆ ಮೈ ಉರಿಯುತ್ತೆ. ಟೆರೇಸಿನ ಸ್ಟ್ಯಾನ್ ಮಹಾಶಯ ಈ ಪೋಸ್ಟ್ ಓದುತ್ತಾನೆ ಅಂತ ಗೊತ್ತು, ಅವನಿಗೊಂದೇ ಪ್ರಶ್ನೆ: ಮುಂದಿನ ಸಲ ನಿನಗೆ ಜ್ವರ ಬಂದಾಗ ನೋಟ್ಸ್ ಯಾರನ್ನ ಕೇಳ್ತೀಯಪ್ಪಾ, ಆ ರ‍್ಯಾಪರ್‌ನ?