ಇಟಲಿಯವರ ಬೇನೆ

ಇಟಲಿಯವರು ದಿನಾ ಆಡುವ ಒಂದು ಅಕ್ಕರೆಯ ಮಾತನ್ನು ಕನ್ನಡದಲ್ಲಿ ಬರೆದರೆ ಅದರ ಕೊನೆಗೆ ಬೇನೆ ಬಂದು ಕೂತುಬಿಡುತ್ತದೆ: 'ತಿ ವೊಲ್ಯೊ ಬೇನೆ'. ಗಾಬರಿ ಬೇಡ, ಅವರ ಬೇನೆ ಎಂದರೆ ಒಳಿತು. ನಿನಗೆ ಒಳ್ಳೆಯದನ್ನು ಬಯಸುತ್ತೇನೆ ಅಂತ. ಅಮ್ಮ ಮಗನಿಗೆ, ಮೊಮ್ಮಗಳು ಅಜ್ಜಿಗೆ, ಗೆಳೆಯ ಗೆಳೆಯನಿಗೆ ಹೇಳುವುದು ಇದನ್ನೇ. 'ತಿ ಆಮೊ' ಬೇರೆ. ಅದು ಪ್ರೇಮಿಗಳದ್ದು, ಗಂಡ ಹೆಂಡಿರದ್ದು. ಅಮೆರಿಕದ ಸಿನಿಮಾದಲ್ಲಿ ಅಪ್ಪ ಮಗನನ್ನು ತಬ್ಬಿ 'ಐ ಲವ್ ಯೂ' ಅಂದರೆ, ಇಟಾಲಿಯನ್ ಡಬ್ಬಿಂಗಿನಲ್ಲಿ ಆತ 'ತಿ ವೊಲ್ಯೊ ಬೇನೆ' ಅನ್ನುತ್ತಾನೆ. ಇತ್ತೀಚೆಗೆ ಕೆಲವು ತಾಯಂದಿರು ಮಕ್ಕಳಿಗೂ 'ತಿ ಆಮೊ' ಅನ್ನುವುದುಂಟು; ಹಳಬರ ಕಿವಿಗೆ ಅದು ಕಿರಿಕಿರಿ.

ಎರಡರ ನಡುವಿನ ಗೆರೆಯನ್ನು ಕಾಯುತ್ತಿರುವುದು ನಮಗೆ ಚೆನ್ನಾಗಿ ಗೊತ್ತಿರುವ ವಿಭಕ್ತಿ ಪ್ರತ್ಯಯ. 'ತಿ' ಅನ್ನುವುದು ನಿನ್ನನ್ನು ಎಂದೂ ಆಗುತ್ತದೆ, ನಿನಗೆ ಎಂದೂ ಆಗುತ್ತದೆ, ಹಾಗಾಗಿ ಎದುರಿಗಿದ್ದವರ ಜೊತೆ ಆಡುವಾಗ ಗುಟ್ಟು ಬಯಲಾಗುವುದಿಲ್ಲ. ಮೂರನೆಯವರ ಸುದ್ದಿ ಬಂದಾಗ ನೋಡಿ. 'ಲೊ ಆಮೊ' ಅಂದರೆ ಅವನನ್ನು ಪ್ರೀತಿಸುತ್ತೇನೆ. 'ಲ್ಯಿ ವೊಲ್ಯೊ ಬೇನೆ' ಅಂದರೆ ಅವನಿಗೆ ಒಳಿತು ಬಯಸುತ್ತೇನೆ. ಒಂದು ದ್ವಿತೀಯಾ, ಇನ್ನೊಂದು ಚತುರ್ಥಿ. ಮೊದಲನೆಯದರಲ್ಲಿ ಬೇಕಾಗಿರುವುದು ಆ ಮನುಷ್ಯನೇ, ಎರಡನೆಯದರಲ್ಲಿ ಅವನ ಸುಖ. ಆದ್ದರಿಂದಲೇ ಕೊನೆಯ ಬೇನೆ ಬಿಟ್ಟುಹೋದರೆ ಅನಾಹುತ. ಅವಸರದಲ್ಲಿ 'ತಿ ವೊಲ್ಯೊ' ಅಂತಷ್ಟೇ ಟೈಪಿಸಿ ಕಳಿಸಿದರೆ 'ನೀನು ನನಗೆ ಬೇಕು' ಅಂತಾಗುತ್ತದೆ. ಅಕ್ಕರೆ ಹೋಗಿ ಬರೀ ಆಸೆ ಉಳಿಯುತ್ತದೆ. ಅತ್ತಿಗೆಗೆ ಕಳಿಸುವ ಸಂದೇಶವಲ್ಲ ಅದು.

ಎಸ್ಸೆಮ್ಮೆಸ್ಸಿಗೆ 160 ಅಕ್ಷರಗಳ ಮಿತಿ ಇದ್ದ ಕಾಲದಲ್ಲಿ ಹುಡುಗ ಹುಡುಗಿಯರು 'ತಿ ವೊಲ್ಯೊ ಬೇನೆ'ಯನ್ನು TVB ಎಂದು ಮೊಟಕು ಮಾಡಿದರು. ಮೊಟಕು ಮಾಡಿದ ಮೇಲೆ ಸುಮ್ಮನಿರದೆ ಮತ್ತೆ ಉದ್ದ ಮಾಡತೊಡಗಿದರು. 'ತುಂಬಾ' ಎನ್ನುವ 'ತಾಂತೊ' ಸೇರಿ TVTB ಆಯಿತು, ಇನ್ನೊಂದು ತಾಂತೊ ಸೇರಿ TVTTB ಆಯಿತು. 'ಉನ್ ಮೋಂದೊ ದಿ ಬೇನೆ', ಅಂದರೆ ಜಗತ್ತಿನಷ್ಟು, ಅನ್ನುವವರಿಗೆ TVUMDB. ರಾಶಿಗಟ್ಟಲೆ ಅನ್ನಬೇಕಾದವರಿಗೆ TVUKDB. ಅದರೊಳಗಿನ K ಎಂದರೆ ಪಡ್ಡೆಗಳ ಕಾಗುಣಿತದ 'ಕಸೀನೊ'. ಆ ಪದಕ್ಕೆ ವೇಶ್ಯಾಗೃಹ ಎಂಬ ಅರ್ಥವೂ ಇರುವುದರಿಂದ ಅಜ್ಜಿಗೆ ಬಿಡಿಸಿ ಹೇಳಲು ಹೋಗುವವರು ಕಡಿಮೆ. 'ತಿ ಆಮೊ'ಗೆ ಮಾತ್ರ ಇಷ್ಟೊಂದು ಮರಿಮಕ್ಕಳು ಹುಟ್ಟಲಿಲ್ಲ. ಇರುವುದೇ ಐದಕ್ಷರ, ಅದನ್ನೂ ಉಳಿಸಲು ಹೋಗುವವನ ಪ್ರೇಮವನ್ನು ಯಾರು ನಂಬುತ್ತಾರೆ?

ಪೇಚು ಶುರುವಾಗುವುದು ಉತ್ತರ ಬಂದಾಗ. ಹುಡುಗನೊಬ್ಬ ನಾಲ್ಕು ಸಲ ಬರೆದು ಅಳಿಸಿ, ಕೊನೆಗೂ ಧೈರ್ಯ ಮಾಡಿ, ರಾತ್ರಿ 'ತಿ ಆಮೊ' ಕಳಿಸುತ್ತಾನೆ ಅಂದುಕೊಳ್ಳಿ. 'ಆಂಕಿಯೊ', ಅಂದರೆ ನಾನೂ, ಎಂದು ಬಂದಿದ್ದರೆ ಕುಣಿದಾಡಬಹುದಿತ್ತು. ಬಂದದ್ದು 'ಆಂಕಿಯೊ ತಿ ವೊಲ್ಯೊ ಬೇನೆ'. ನಾನೂ ಅಂತ ಶುರುವಾಗಿ, ಮುಂದಿನ ಮೂರು ಪದಗಳಲ್ಲಿ ಅವನನ್ನು ಅಣ್ಣಂದಿರ ಸಾಲಿಗೆ ಸೇರಿಸಿಬಿಟ್ಟಿದ್ದಾಳೆ. ಎದುರಿಗಿದ್ದು ಹೇಳಿದ್ದರೆ ದನಿ, ಕಣ್ಣು ಏನಾದರೂ ಸುಳಿವು ಕೊಡುತ್ತಿತ್ತು. ಪರದೆಯ ಮೇಲೆ ಪದಗಳನ್ನೇ ತಿರುತಿರುಗಿಸಿ ನೋಡಬೇಕು. ಪಕ್ಕದಲ್ಲಿ ಕೆಂಪು ಹೃದಯ ಇದ್ದರೂ ನೆಚ್ಚುವಂತಿಲ್ಲ, ಅದೇ ಹೃದಯ ಅವಳ ಚಿಕ್ಕಮ್ಮನಿಗೂ ಹೋಗಿರುತ್ತದೆ.

ಈ ಸಂಕಟ ಮೊಬೈಲಿನಿಂದ ಬಂದದ್ದಲ್ಲ. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ವೆರೋನಾದ ಕವಿ ಕತುಲ್ಲುಸ್ ತನ್ನ ಲೆಸ್ಬಿಯಾಳಿಗೆ ಲ್ಯಾಟಿನ್‌ನಲ್ಲಿ ಬರೆದ ಪದ್ಯವೊಂದಿದೆ. ಜನ ಪ್ರೇಯಸಿಯರನ್ನು ಪ್ರೀತಿಸುವಂತೆ ಮಾತ್ರವಲ್ಲ, ಅಪ್ಪ ಮಕ್ಕಳನ್ನೂ ಅಳಿಯಂದಿರನ್ನೂ ಪ್ರೀತಿಸುವಂತೆ ನಿನ್ನನ್ನು ಪ್ರೀತಿಸಿದ್ದೆ ಅನ್ನುತ್ತಾನೆ. (ಪ್ರೇಯಸಿಗೆ ಬರೆಯುವಾಗ ಅಳಿಯಂದಿರನ್ನು ನೆನೆದ ಕವಿ ಬೇರೊಬ್ಬನಿರಲಾರ.) ಅವಳು ಕೈಕೊಟ್ಟ ಮೇಲೆ ಅವನ ದೂರು ಇಷ್ಟು: ಇಂಥ ಗಾಯ ಪ್ರೇಮಿಯನ್ನು ಇನ್ನೂ ಹೆಚ್ಚು 'ಅಮಾರೆ' ಮಾಡಿಸುತ್ತದೆ, 'ಬೇನೆ ವೆಲ್ಲೆ'ಯನ್ನು ಮಾತ್ರ ಕಡಿಮೆ ಮಾಡುತ್ತದೆ. ಮೋಹ ಏರಿತು, ಒಳಿತು ಬಯಸುವ ಮನಸ್ಸು ಇಳಿಯಿತು. ಇಂದಿನ ಎರಡು ಸಂದೇಶಗಳೂ ಆ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿವೆ.

ಹಾಗಂತ 'ತಿ ವೊಲ್ಯೊ ಬೇನೆ' ಕೆಳಗಿನ ಮೆಟ್ಟಿಲೇನಲ್ಲ. ಮದುವೆಯಾಗಿ ಮೂವತ್ತು ವರ್ಷ ಕಳೆದವರು ಒಬ್ಬರಿಗೊಬ್ಬರು ಅದನ್ನೇ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. 'ತಿ ಆಮೊ' ವಾರ್ಷಿಕೋತ್ಸವದ ದಿನ ಕೇಕಿನ ಮೇಲೆ ಬರುತ್ತದೆ. ಉಳಿದ ದಿನ ಗಂಡನ ಫೋನಿಗೆ ಬರುವುದು, ಬರುವಾಗ ಬ್ರೆಡ್ ತಗೊಂಡು ಬಾ, TVB.