ಎಲ್ಲ ವೋಚರ್‌ಗಳನ್ನೂ ನೋಡಬೇಕೆ?

ಪರ: ಆರಿಸಿ ನೋಡಿದರೆ ಸಾಕು

ಗಂಗಾವತಿಯಲ್ಲಿ ಆಡಿಟ್ ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಪ್ರತಿ ವರ್ಷ ಯಾರಾದರೊಬ್ಬ ಗಿರಣಿ ಮಾಲೀಕರು ಕೇಳುತ್ತಾರೆ: “ಅರವತ್ತು ಕಡೆ ಕೈಯಿಟ್ಟು ನೋಡಿ ಆರು ಕೋಟಿಗೆ ಸಹಿ ಹಾಕುತ್ತೀರಲ್ಲ ಸರ್, ಇಷ್ಟು ಧೈರ್ಯ ಎಲ್ಲಿಂದ ಬರುತ್ತದೆ?” ಧೈರ್ಯವಲ್ಲ, ಲೆಕ್ಕ.

40 ಕೋಟಿ ವಹಿವಾಟಿನ ಅಕ್ಕಿ ಗಿರಣಿ ಎಂದುಕೊಳ್ಳಿ. ಲೆಕ್ಕಪತ್ರದಲ್ಲಿ ಎಷ್ಟು ತಪ್ಪಿದ್ದರೆ, ಅದನ್ನು ನಂಬಿ ಸಾಲ ಕೊಡುವ ಬ್ಯಾಂಕಿನ ತೀರ್ಮಾನ ಬದಲಾಗುತ್ತದೆ? ಆ ಗೆರೆಯೇ ಮೆಟೀರಿಯಾಲಿಟಿ. ತೆರಿಗೆಗೆ ಮುಂಚಿನ ಲಾಭದ ಶೇ 5 ಹಿಡಿಯುವುದು ರೂಢಿ. ಆದರೆ ಗಿರಣಿಯ ಲಾಭ ಭತ್ತದ ದರದ ಜೊತೆ ಕುಣಿಯುತ್ತದೆ; ಹಾಗಾಗಿ ನಾನು ವಹಿವಾಟಿನ ಶೇ 1 ಹಿಡಿಯುತ್ತೇನೆ, ಅಂದರೆ 40 ಲಕ್ಷ. ಈ ಅಂಕಿಯನ್ನು ಕಾನೂನು ಹೇಳಿಲ್ಲ, ಇದು ನನ್ನ ವಿವೇಚನೆ. ಕಣ್ತಪ್ಪಿದ ಸಣ್ಣ ತಪ್ಪುಗಳೆಲ್ಲ ಸೇರಿ ಗೆರೆ ದಾಟಬಾರದಲ್ಲ, ಅದಕ್ಕೆ ಪರೀಕ್ಷೆ ಮಾಡುವಾಗ 30 ಲಕ್ಷಕ್ಕೇ ನಿಲ್ಲಿಸಿಕೊಳ್ಳುತ್ತೇನೆ.

ಈಗ ಅಕ್ಕಿ ವ್ಯಾಪಾರಿಗಳಿಂದ ಬರಬೇಕಾದ ಬಾಕಿ 6 ಕೋಟಿ. ತಪ್ಪು ಸಿಗಲಾರದು ಎಂಬ ನಿರೀಕ್ಷೆಯಿದ್ದು ಶೇ 95ರಷ್ಟು ಭರವಸೆ ಬೇಕಾದರೆ 30 ಲಕ್ಷವನ್ನು 3ರಿಂದ ಭಾಗಿಸಬೇಕು. 10 ಲಕ್ಷ ಬಂತು. ಪಟ್ಟಿಯಲ್ಲಿರುವ ಬಾಕಿಗಳನ್ನು ಮೇಲಿನಿಂದ ಕೂಡಿಸುತ್ತಾ, ಮೊದಲ ಹತ್ತು ಲಕ್ಷದೊಳಗೆ ಎಲ್ಲೋ ಒಂದು ರೂಪಾಯಿಯಿಂದ ಆರಂಭಿಸಿ, ಅಲ್ಲಿಂದ ಪ್ರತಿ ಹತ್ತು ಲಕ್ಷದ ರೂಪಾಯಿ ಯಾರ ಖಾತೆಯಲ್ಲಿ ಬೀಳುತ್ತದೋ ಆ ಖಾತೆಯನ್ನು ಪೂರ್ತಿ ಪರೀಕ್ಷಿಸುತ್ತೇನೆ. ಆರು ಕೋಟಿಗೆ ಅರವತ್ತು ಸಲ. ಹತ್ತು ಲಕ್ಷ ಮುಟ್ಟಿದ ಯಾವ ಖಾತೆಯೂ ತಪ್ಪಿಸಿಕೊಳ್ಳಲಾರದು.

ಅವುಗಳಲ್ಲಿ ಒಂದು ಖಾತೆ 2 ಲಕ್ಷ ತೋರಿಸುತ್ತಿದೆ, ವ್ಯಾಪಾರಿ ಒಪ್ಪುವುದು ಒಂದೂವರೆ ಲಕ್ಷ. ವ್ಯತ್ಯಾಸ ಐವತ್ತು ಸಾವಿರ. “ಅಷ್ಟೇನಾ?” ಎನ್ನುತ್ತಾರೆ ಮಾಲೀಕರು. ಅಷ್ಟೇ ಅಲ್ಲ. ಆ ಖಾತೆ ಹತ್ತು ಲಕ್ಷದ ಪ್ರತಿನಿಧಿ. ಕಾಲು ಭಾಗ ಸುಳ್ಳೆಂದರೆ ಹತ್ತು ಲಕ್ಷದಲ್ಲಿ ಎರಡೂವರೆ ಲಕ್ಷ ಸುಳ್ಳೆಂದು ಹಿಡಿಯಬೇಕು. ತಪ್ಪೇ ಇಲ್ಲವೆಂದು ನಂಬಿ ಹಾಕಿದ 30 ಲಕ್ಷದ ಲೆಕ್ಕ ಇಷ್ಟಕ್ಕೇ ಕೆಡುತ್ತದೆ. ಆಗ ಇನ್ನಷ್ಟು ಖಾತೆ ತೆಗೆಸುತ್ತೇನೆ. ಸಣ್ಣ ತಪ್ಪನ್ನು ನಾವು ಬಿಡುತ್ತೇವೆಂದು ಹೇಳುವವರು ಈ ಎರಡೂವರೆ ಲಕ್ಷವನ್ನು ಒಮ್ಮೆ ನೋಡಲಿ.

ಇನ್ನು, ಎಲ್ಲವನ್ನೂ ನೋಡಿ ಎನ್ನುವವರು ಗಿರಣಿಯ ಪ್ರತಿ ಚೀಲದ ಪ್ರತಿ ಕಾಳನ್ನೂ ಎಣಿಸಿ ಎಂದರೂ ಎಂದಾರು. ಅಂಥವರಿಗೆ ಆಡಿಟ್ ಬೇಕಿಲ್ಲ, ಕಾವಲುಗಾರ ಬೇಕು. ವಂಚನೆ ಕಂಡರೆ ಮೊತ್ತ ಎಷ್ಟೇ ಇರಲಿ, ಆಡಳಿತಕ್ಕೆ ತಿಳಿಸುತ್ತೇವೆ.

ವಿರೋಧ: ಕಂಡರೆ ತಾನೇ?

ಸಂಪಾದಕರು ಈ ಕಡೆ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಎಲ್ಲ ವೋಚರ್ ನೋಡುವುದು ಆಗದ ಕೆಲಸವೆಂದು ನನಗೂ ಗೊತ್ತು. ರೂಪಾಯಿ ಎಣಿಸಿ ಖಾತೆ ಆರಿಸುವ ವಿಧಾನವನ್ನು ತಪ್ಪೆನ್ನುವ ವಿದ್ಯೆಯೂ ನನ್ನಲ್ಲಿಲ್ಲ. ಆದರೆ ಆ ವಿಧಾನ ದೊಡ್ಡ ಮೊತ್ತದ ಕಡೆಗೇ ವಾಲುತ್ತದೆ. ಪುಸ್ತಕದಲ್ಲಿ ಬರೆಯದೇ ಬಿಟ್ಟ ಬಾಕಿಯಂತೂ ಪಟ್ಟಿಯಲ್ಲೇ ಇರುವುದಿಲ್ಲ, ಅದರ ಮೇಲೆ ಯಾವ ರೂಪಾಯಿ ಬೀಳಬೇಕು?

ಸಿಂಧನೂರು ಕಡೆಯ ಒಂದು ಸಹಕಾರ ಸಂಘದಲ್ಲಿ ನಾನು ಗುಮಾಸ್ತನಾಗಿದ್ದೆ. ಗೊಬ್ಬರದ ಚೀಲ ಇಳಿಸುವ ಹಮಾಲರಿಗೆ ಕೊಟ್ಟ ಕೂಲಿಗೆ ವೋಚರ್ ಬರೆಯುತ್ತಿದ್ದರು. ಐದು ನೂರು ದಾಟಿದರೆ ಅಧ್ಯಕ್ಷರ ಸಹಿ ಬೇಕಿತ್ತು. ವೋಚರ್‌ಗಳೆಲ್ಲ 480, 490, 495. ಮೂರು ವರ್ಷ ಆಡಿಟ್ ನಡೆಯಿತು. ಬಂದವರು ಸಾಲದ ಖಾತೆ, ಬ್ಯಾಂಕ್ ಪಾಸ್‌ಬುಕ್, ಗೊಬ್ಬರ ಕಂಪನಿಯ ಬಿಲ್ಲುಗಳನ್ನು ಕೂಲಂಕಷವಾಗಿ ನೋಡಿದರು. ಹಮಾಲಿ ಕಟ್ಟನ್ನು ಬಿಚ್ಚಲೇ ಇಲ್ಲ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ, ಇಡೀ ಕಟ್ಟು ಸೇರಿದರೂ ಅವರ ಗೆರೆಯ ಹತ್ತಿರ ಬರುತ್ತಿರಲಿಲ್ಲ.

ಹಿಡಿದವನು ಒಬ್ಬ ಹಮಾಲ. ಕೂಲಿ ಬಾಕಿಯ ಜಗಳಕ್ಕೆ ಬಂದವನಿಗೆ ನಾನು ಕಟ್ಟು ತೆಗೆದು ತೋರಿಸಿದೆ. ಮಗಳ ಮದುವೆಗೆಂದು ಮಾನ್ವಿಗೆ ಹೋಗಿದ್ದ ದಿನವೂ ತಾನು ಚೀಲ ಇಳಿಸಿದಂತೆ ಬರೆದಿತ್ತು. ಅವನು ಓದು ಬಾರದವನು, ಆದರೆ ಹೆಬ್ಬೆಟ್ಟು ಬಲ್ಲವನು. ಉಗುರಿನ ಪಕ್ಕ ಸುಟ್ಟ ಗಾಯವಿದ್ದ ತನ್ನ ಹೆಬ್ಬೆಟ್ಟನ್ನು ಮುಂದೆ ಹಿಡಿದ. ಕಾಗದದಲ್ಲಿದ್ದ ಗುರುತು ನುಣುಪಾಗಿತ್ತು. ಮುಂದಿನ ಹತ್ತು ವೋಚರ್ ತಿರುವಿದೆವು, ಬೇರೆ ಬೇರೆ ಹೆಸರು, ಅದೇ ನುಣುಪು ಹೆಬ್ಬೆಟ್ಟು.

ಸಾಮಾನ್ಯ ಸಭೆಯಲ್ಲಿ ಗಲಾಟೆಯಾದಾಗ ಆಡಿಟ್‌ನವರು “ಮೊತ್ತ ಗಣನೀಯವಲ್ಲ” ಎಂದರು. ಸಂಘದ ಲೆಕ್ಕಕ್ಕೆ ಅದು ನಿಜ. ಮೊತ್ತದ ಜೊತೆಗೆ ತಪ್ಪಿನ ಸ್ವಭಾವವನ್ನೂ ತೂಗಬೇಕೆಂದು ಅವರದೇ ನಿಯಮ ಹೇಳುತ್ತದೆಂದು ನನಗೆ ಆಮೇಲೆ ತಿಳಿಯಿತು. ಮರುವರ್ಷ ಬಂದವರು ಹಮಾಲಿ ಕಟ್ಟನ್ನು ತಾವೇ ಕೇಳಿ ತರಿಸಿಕೊಂಡರು. ಅಷ್ಟರಲ್ಲಿ ಅಧ್ಯಕ್ಷರ ಸಹಿಯ ಮಿತಿಯನ್ನು ಐದು ನೂರರಿಂದ ಸಾವಿರಕ್ಕೆ ಏರಿಸಲಾಗಿತ್ತು.